ತಲೆಯಲ್ಲಿ ಮಂಡಳಿ, ಬಾಲದಲ್ಲಿ ‘ಇದ್ದಾರೆ’: ವಾರ್ಷಿಕ ವರದಿಯ ಉದ್ದ ವಾಕ್ಯಗಳಲ್ಲಿ ಕರ್ತೃ–ಕ್ರಿಯಾಪದ ದೋಷ ಹಿಡಿಯುವ ಬಗೆ

ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿದು ಎರಡು ವಾರಕ್ಕೆ ಮಹಾಸಭೆ ಇತ್ತು. ಕಾಫಿ, ಕರಿಮೆಣಸು ಬೆಳೆಯುವವರೇ ಷೇರುದಾರರಾಗಿರುವ ನಮ್ಮ ತಾಲ್ಲೂಕಿನ ಒಂದು ಕಂಪನಿ ಅದು. ಅದರ ವಾರ್ಷಿಕ ವರದಿಯ ಕನ್ನಡ ಪ್ರತಿ ತಿದ್ದಿಕೊಡುವ ಕೆಲಸ ನನ್ನದು. ಹೊರಗೆ ಜಡಿಮಳೆ, ಒಳಗೆ ನೂರೈವತ್ತು ಜನ. ಲೆಕ್ಕಪತ್ರ ಮಂಡನೆಯಾಗುತ್ತಿದ್ದಂತೆ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು ಕೇಳಿದರು:

“ಹದಿನಾಲ್ಕನೇ ಪುಟದಲ್ಲಿ ‘ಒಪ್ಪಿಕೊಂಡಿದ್ದಾರೆ’ ಅಂತ ಇದೆಯಲ್ಲ, ಒಪ್ಪಿಕೊಂಡದ್ದು ಯಾರು? ಮಂಡಳಿಯೋ, ಆಡಿಟರೋ, ಗೋದಾಮಿನವರೋ?”

ಅಧ್ಯಕ್ಷರು ‘ಮಂಡಳಿ’ ಎಂದರು. “ಹಾಗಾದರೆ ‘ಒಪ್ಪಿಕೊಂಡಿದೆ’ ಅಂತ ಇರಬೇಕಿತ್ತು. ಈಗ ಇರುವ ಹಾಗೆ ಓದಿದರೆ ಗೋದಾಮಿನವರು ಕೊಟ್ಟ ಸಮಜಾಯಿಷಿಯನ್ನ ಗೋದಾಮಿನವರೇ ಒಪ್ಪಿಕೊಂಡ ಹಾಗೆ ಆಗ್ತದೆ” ಎಂದು ಹೇಳಿ ಮೇಷ್ಟ್ರು ಕುಳಿತರು. ದಾಸ್ತಾನಿನಲ್ಲಿ ಕಾಫಿ ತೂಕ ಕಡಿಮೆ ಬಂದ ವಿಷಯ ಅದು. ‘ಇದೆ’ ಇರಬೇಕಾದ ಕಡೆ ‘ಇದ್ದಾರೆ’ ಬಂದದ್ದಕ್ಕೆ ಅರ್ಧ ಗಂಟೆ ಚರ್ಚೆಯಾಯಿತು. ಆ ವಾಕ್ಯ ನನ್ನ ಕಣ್ಣಿನ ಕೆಳಗೇ ಹಾದುಹೋಗಿತ್ತು. ಆಮೇಲೆ ಆ ಪುಟವನ್ನು ಮುಂದಿಟ್ಟುಕೊಂಡು ತಪ್ಪು ಎಲ್ಲಿ ಹುಟ್ಟಿತು, ಏಕೆ ಕಾಣಲಿಲ್ಲ ಎಂದು ಬಿಡಿಸಿ ನೋಡಿದೆ. ಹಾಗೆ ನೋಡಿ ಕಂಡುಕೊಂಡ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ದೋಷ ಹೇಗೆ ಕಾಣುತ್ತದೆ

ಕನ್ನಡದ ವಾಕ್ಯದಲ್ಲಿ ಕರ್ತೃಪದ ಸಾಮಾನ್ಯವಾಗಿ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. ನಡುವೆ ಏನೇ ಸೇರಿಸಿದರೂ ಅದು ಈ ಎರಡರ ಮಧ್ಯೆಯೇ ಬಂದು ಕೂರುತ್ತದೆ. ‘ಮಂಡಳಿ ಒಪ್ಪಿಕೊಂಡಿದೆ’ ಎನ್ನುವಾಗ ಯಾರೂ ತಪ್ಪುವುದಿಲ್ಲ. ಆದರೆ ಈ ಎರಡು ಪದಗಳ ನಡುವೆ ಇಪ್ಪತ್ತೈದು ಪದ ಸೇರಿದರೆ, ಕೊನೆ ಮುಟ್ಟುವ ಹೊತ್ತಿಗೆ ಬರೆದವರಿಗೂ ತಿದ್ದುವವರಿಗೂ ವಾಕ್ಯದ ತಲೆಯಲ್ಲಿದ್ದ ಪದ ಮರೆತಿರುತ್ತದೆ. ಕಿವಿಯಲ್ಲಿ ಉಳಿದಿರುವುದು ತೀರಾ ಹತ್ತಿರದಲ್ಲಿ ಬಂದ ‘-ರು’ ಅಥವಾ ‘-ಗಳು’. ಕ್ರಿಯಾಪದ ಅದಕ್ಕೇ ಹೊಂದಿಕೊಂಡುಬಿಡುತ್ತದೆ.

ಕಾಗುಣಿತ ಪರೀಕ್ಷೆಗೆ ಇದು ಸಿಗುವುದಿಲ್ಲ. ‘ಒಪ್ಪಿಕೊಂಡಿದ್ದಾರೆ’ ಎಂಬುದು ಸರಿಯಾದ ಪದವೇ, ಬಂದ ಜಾಗ ಮಾತ್ರ ತಪ್ಪು. ಗಟ್ಟಿಯಾಗಿ ಓದಿದರೂ ಕೆಲವೊಮ್ಮೆ ಸಿಗುವುದಿಲ್ಲ, ಏಕೆಂದರೆ ನಮ್ಮ ಆಡುಮಾತಿನಲ್ಲಿ ‘ಚೀಲಗಳು ಬಂತು’, ‘ಬಿಲ್ಲುಗಳು ಪಾಸಾಯ್ತು’ ಎನ್ನುವುದು ರೂಢಿ. ಕಿವಿ ಅದನ್ನು ಒಪ್ಪಿಬಿಡುತ್ತದೆ. ಆಡುವಾಗ ಅದು ತಪ್ಪೂ ಅಲ್ಲ. ಅಚ್ಚಿನ ವರದಿಯಲ್ಲಿ ಮಾತ್ರ ‘ಚೀಲಗಳು ಬಂದಿವೆ’ ಎಂದು ನಿರೀಕ್ಷಿಸುತ್ತೇವೆ. ಆದ್ದರಿಂದ ಈ ಕೆಲಸಕ್ಕೆ ಕಿವಿಯನ್ನು ನೆಚ್ಚದೆ ಪೆನ್ಸಿಲ್ ಹಿಡಿಯುವುದೇ ಸರಿ.

ಆ ವಾಕ್ಯ

ಹದಿನಾಲ್ಕನೇ ಪುಟದಲ್ಲಿ ಅಚ್ಚಾದದ್ದು ಹೀಗೆ:

“ಕಂಪನಿಯ ಆಡಳಿತ ಮಂಡಳಿಯು, ದಾಸ್ತಾನು ಪುಸ್ತಕದಲ್ಲಿ ಕಂಡುಬಂದ ತೂಕದ ವ್ಯತ್ಯಾಸಗಳ ಬಗ್ಗೆ ಲೆಕ್ಕಪರಿಶೋಧಕರು ಎತ್ತಿದ್ದ ಆಕ್ಷೇಪಣೆಗಳನ್ನು ಹಾಗೂ ಅವುಗಳಿಗೆ ಗೋದಾಮಿನ ಮೇಲ್ವಿಚಾರಕರು ನೀಡಿದ ವಿವರಣೆಗಳನ್ನು ಪರಿಶೀಲಿಸಿ, ಚೆರಿ ಕಾಫಿಯಲ್ಲಿ ತೇವಾಂಶ ಕಡಿಮೆಯಾಗಿ ತೂಕ ಇಳಿದಿರುವುದೇ ಇದಕ್ಕೆ ಕಾರಣವೆಂದು ಒಪ್ಪಿಕೊಂಡಿದ್ದಾರೆ.”

ಮೊದಲು ಕೊನೆಯ ಕ್ರಿಯಾಪದಕ್ಕೆ ಸುತ್ತು ಹಾಕಿ, ಅದರ ಬಾಲವನ್ನಷ್ಟೇ ಓದಬೇಕು. ‘-ಇದೆ’ ಎಂದಿದ್ದರೆ ಅದು ‘ಅದು’ ಎಂಬ ಕರ್ತೃವನ್ನು ಕೇಳುತ್ತದೆ, ‘-ಇವೆ’ ಎಂದಿದ್ದರೆ ‘ಅವು’, ‘-ಇದ್ದಾರೆ’ ಎಂದಿದ್ದರೆ ‘ಅವರು’, ‘-ಇದ್ದೇವೆ’ ಎಂದಿದ್ದರೆ ‘ನಾವು’. ಇಲ್ಲಿ ಬಾಲ ಕೇಳುತ್ತಿರುವುದು ‘ಅವರು’.

ಈಗ ವಾಕ್ಯದಲ್ಲಿ ‘ಅವರು’ ಎನ್ನಬಹುದಾದವರು ಯಾರಿದ್ದಾರೆ ಎಂದು ಹುಡುಕಬೇಕು. ಪ್ರಥಮಾ ವಿಭಕ್ತಿಯಲ್ಲಿ ‘ಲೆಕ್ಕಪರಿಶೋಧಕರು’ ಇದ್ದಾರೆ, ‘ಮೇಲ್ವಿಚಾರಕರು’ ಇದ್ದಾರೆ. ಇಬ್ಬರೂ ಕೊನೆಯ ಕ್ರಿಯಾಪದಕ್ಕೆ ಕೈ ಚಾಚುತ್ತಾರೆ. ಮೇಷ್ಟ್ರಿಗೆ ಕಂಡದ್ದು ಇದೇ. ಇವರಿಗೆ ಹಾಗೆ ಕೈ ಚಾಚುವ ಹಕ್ಕಿದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ. ಇಡೀ ಪರೀಕ್ಷೆಯ ತಿರುಳು ಇಲ್ಲಿದೆ.

ವಾಕ್ಯದ ನಡುವೆ ಬರುವ ಅಪೂರ್ಣ ಕ್ರಿಯೆಗಳಿಗೆಲ್ಲ ಅಡಿಗೆರೆ ಹಾಕಿ: ಕಂಡುಬಂದ, ಎತ್ತಿದ್ದ, ನೀಡಿದ, ಪರಿಶೀಲಿಸಿ, ಕಡಿಮೆಯಾಗಿ, ಇಳಿದಿರುವುದೇ. ಇವುಗಳಲ್ಲಿ ಯಾವುದಕ್ಕೂ ಲಿಂಗ, ವಚನ, ಪುರುಷ ತೋರಿಸುವ ಬಾಲವಿಲ್ಲ. ಅವನು ಎತ್ತಿದ ಆಕ್ಷೇಪಣೆ, ಅವಳು ಎತ್ತಿದ ಆಕ್ಷೇಪಣೆ, ಅವರು ಎತ್ತಿದ ಆಕ್ಷೇಪಣೆ, ಎಲ್ಲದರಲ್ಲೂ ‘ಎತ್ತಿದ’ ಒಂದೇ. ತೊಂದರೆ ಶುರುವಾಗುವುದೇ ಇಲ್ಲಿಂದ. ಒಳವಾಕ್ಯದ ಕರ್ತೃ ತನ್ನ ಕ್ರಿಯೆಯ ಜೊತೆ ಸೇರಿದ್ದರೂ ಸೇರಿದ ಗುರುತು ಆ ಕ್ರಿಯೆಯ ಮೇಲೆ ಬೀಳುವುದಿಲ್ಲ. ಹಾಗಾಗಿ ಅದು ಇನ್ನೂ ಒಂಟಿಯಾಗಿ ಕ್ರಿಯಾಪದ ಹುಡುಕುತ್ತಿದೆ ಎಂದು ನಮ್ಮ ಮನಸ್ಸಿಗೆ ಅನ್ನಿಸುತ್ತದೆ, ಕೊನೆಯ ಕ್ರಿಯಾಪದವನ್ನು ಅದಕ್ಕೇ ಕೊಟ್ಟುಬಿಡುತ್ತೇವೆ.

ಆದ್ದರಿಂದ ಪ್ರತಿ ಅಪೂರ್ಣ ಕ್ರಿಯೆಯನ್ನೂ ಅದರ ಕರ್ತೃವಿನ ಜೊತೆ ಸೇರಿಸಿ ಕಂಸದೊಳಗೆ ಹಾಕಬೇಕು. ‘ಎತ್ತಿದ್ದ’ ಯಾರು? ಲೆಕ್ಕಪರಿಶೋಧಕರು. ಅವರು ಕಂಸದೊಳಗೆ ಹೋದರು. ‘ನೀಡಿದ’ ಯಾರು? ಮೇಲ್ವಿಚಾರಕರು. ಅವರೂ ಒಳಗೆ. ಕಡಿಮೆಯಾದದ್ದು ತೇವಾಂಶ, ಇಳಿದದ್ದು ತೂಕ. ‘ಕಂಡುಬಂದ’ ಎಂಬುದು ವ್ಯತ್ಯಾಸಗಳ ವಿಶೇಷಣ. ಹೀಗೆ ಕಂಸ ಹಾಕಿದ ಮೇಲೆ ವಾಕ್ಯ ಕಾಣುವುದು ಹೀಗೆ:

ಆಡಳಿತ ಮಂಡಳಿಯು [ಲೆಕ್ಕಪರಿಶೋಧಕರು ಎತ್ತಿದ್ದ] ಆಕ್ಷೇಪಣೆಗಳನ್ನು ಹಾಗೂ [ಮೇಲ್ವಿಚಾರಕರು ನೀಡಿದ] ವಿವರಣೆಗಳನ್ನು ಪರಿಶೀಲಿಸಿ, [ತೇವಾಂಶ ಕಡಿಮೆಯಾಗಿ ತೂಕ ಇಳಿದಿರುವುದೇ ಕಾರಣವೆಂದು] ಒಪ್ಪಿಕೊಂಡಿ—

ಕಂಸದ ಹೊರಗೆ ಪ್ರಥಮಾ ವಿಭಕ್ತಿಯಲ್ಲಿ ಉಳಿದದ್ದು ‘ಮಂಡಳಿಯು’ ಒಂದೇ. ‘ಆಕ್ಷೇಪಣೆಗಳನ್ನು’, ‘ವಿವರಣೆಗಳನ್ನು’ ಹೊರಗಿದ್ದರೂ ಅವು ದ್ವಿತೀಯಾ ವಿಭಕ್ತಿಯಲ್ಲಿವೆ, ಕರ್ತೃ ಆಗಲಾರವು. ಮಂಡಳಿ ಎಂದರೆ ‘ಅದು’, ‘ಅದು’ ಎಂದರೆ ‘ಒಪ್ಪಿಕೊಂಡಿದೆ’. ಮಂಡಳಿಯಲ್ಲಿ ಹತ್ತು ಜನರಿದ್ದರೂ ಪದ ನಪುಂಸಕ ಏಕವಚನವೇ. ಸಮಿತಿ, ಸಭೆ, ಕಂಪನಿ, ಬ್ಯಾಂಕು, ಸರ್ಕಾರ ಎಲ್ಲವೂ ಹಾಗೇ.

‘ಪರಿಶೀಲಿಸಿ’ ಕಂಸದ ಹೊರಗೆ ಉಳಿದದ್ದನ್ನು ಗಮನಿಸಿ. ‘-ಇ’, ‘-ದು’, ‘-ತು’ ಎಂದು ಮುಗಿಯುವ ಇಂಥ ಕ್ರಿಯೆಗಳು (ಪರಿಶೀಲಿಸಿ, ಬಂದು, ನಿಂತು) ಸಾಮಾನ್ಯವಾಗಿ ಮುಖ್ಯ ಕ್ರಿಯಾಪದದ ಕರ್ತೃವನ್ನೇ ಹಂಚಿಕೊಳ್ಳುತ್ತವೆ. ಪರಿಶೀಲಿಸಿದವರೂ ಒಪ್ಪಿದವರೂ ಒಬ್ಬರೇ ಆಗಿರಬೇಕು. ಇದೇ ಒಂದು ಅಡ್ಡ ಪರೀಕ್ಷೆಯಾಗುತ್ತದೆ. ಮೇಲ್ವಿಚಾರಕರು ತಮ್ಮದೇ ವಿವರಣೆಯನ್ನು ಪರಿಶೀಲಿಸುವುದು ಸಾಧ್ಯವಿಲ್ಲ, ಆದ್ದರಿಂದ ಒಪ್ಪಿದವರೂ ಅವರಲ್ಲ. ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಘಟನೆ ಇನ್ನೊಂದಕ್ಕೆ ಕಾರಣವಾದಾಗ ಕರ್ತೃಗಳು ಬೇರೆಯಾಗಿರಬಹುದು. ‘ಮಳೆ ಬಂದು ಕಣ ನೆನೆಯಿತು’ ಎಂಬಲ್ಲಿ ಬಂದದ್ದು ಮಳೆ, ನೆನೆದದ್ದು ಕಣ. ನಮ್ಮ ವಾಕ್ಯದ ‘ತೇವಾಂಶ ಕಡಿಮೆಯಾಗಿ ತೂಕ ಇಳಿದಿರುವುದು’ ಕೂಡ ಆ ಜಾತಿಯದೇ.

ತಪ್ಪು ಹುಟ್ಟಿದ್ದು ಎಲ್ಲಿ

ಹಳೆಯ ಕರಡುಗಳನ್ನು ತೆಗೆದು ನೋಡಿದಾಗ ಗೊತ್ತಾಯಿತು. ವ್ಯವಸ್ಥಾಪಕರು ಮೊದಲು ಬರೆದದ್ದು ‘ನಿರ್ದೇಶಕರು ಆಕ್ಷೇಪಣೆಗಳನ್ನು ಪರಿಶೀಲಿಸಿ ... ಒಪ್ಪಿಕೊಂಡಿದ್ದಾರೆ’ ಎಂದು. ವಾಕ್ಯ ನೆಟ್ಟಗಿತ್ತು. ಎರಡನೇ ಕೈಗೆ ಹೋದಾಗ ಅಲ್ಲಿ ‘ನಿರ್ದೇಶಕರು’ ಹೋಗಿ ‘ಆಡಳಿತ ಮಂಡಳಿಯು’ ಬಂತು, ತೀರ್ಮಾನ ಮಂಡಳಿಯದು ಎಂಬ ಕಾರಣಕ್ಕೆ. ಅದೂ ಸರಿಯೇ. ಮೂರನೇ ಕೈ ಮೇಲ್ವಿಚಾರಕರ ವಿವರಣೆಯನ್ನು ಸೇರಿಸಿತು. ತಲೆ ಬದಲಾದದ್ದು ಒಂದು ದಿನ, ಹೊಟ್ಟೆ ದೊಡ್ಡದಾದದ್ದು ಇನ್ನೊಂದು ದಿನ, ಬಾಲವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ನಾನು ನೋಡಿದ ವರದಿಗಳಲ್ಲಿ ಈ ದೋಷ ಹೆಚ್ಚಾಗಿ ಬರುವುದು ಹೀಗೆಯೇ. ಬರೆದವರಿಗೆ ವ್ಯಾಕರಣ ಬಾರದೆ ಬರುವುದು ಕಡಿಮೆ, ತಿದ್ದುಪಡಿಯಿಂದ ಬರುವುದೇ ಹೆಚ್ಚು. ಆದ್ದರಿಂದ ದೋಷ ಹುಡುಕಲು ಇಡೀ ವರದಿಯನ್ನು ಒಂದೇ ಹದದಲ್ಲಿ ಓದುವ ಬದಲು, ಕರಡಿನಿಂದ ಕರಡಿಗೆ ಬದಲಾದ ವಾಕ್ಯಗಳನ್ನು ಮೊದಲು ಹಿಡಿಯಿರಿ. ವರ್ಡ್‌ನಲ್ಲಿ ತಿದ್ದುಪಡಿಗಳ ಗುರುತು ಉಳಿಸಿಕೊಂಡಿದ್ದರೆ ಕೆಲಸ ಸುಲಭ. ಕರ್ತೃಪದದ ಮೇಲೆ ಕೆಂಪು ಬಿದ್ದು, ಅದೇ ವಾಕ್ಯದ ಕೊನೆಯ ಪದದ ಮೇಲೆ ಬೀಳದಿದ್ದರೆ, ಅಲ್ಲಿ ನಿಲ್ಲಿ.

‘-ಲಾಗಿದೆ’ಯ ಕಥೆ

ವಾರ್ಷಿಕ ವರದಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಬಾಲ ಇದು. ಸಸಿಗಳನ್ನು ವಿತರಿಸಲಾಗಿದೆ, ಸಭೆ ನಡೆಸಲಾಗಿದೆ, ಅನುದಾನ ಕೋರಲಾಗಿದೆ. ಇದರಲ್ಲಿ ಎರಡು ಬೇರೆ ಬೇರೆ ರೋಗಗಳಿವೆ, ಎರಡಕ್ಕೂ ಔಷಧ ಬೇರೆ.

ಒಂದನೆಯದು ಅತಿ ಎಚ್ಚರಿಕೆಯಿಂದ ಬರುವ ತಪ್ಪು. ‘ಬೆಳೆಗಾರರಿಗೆ ಅಪ್ಪಂಗಳದಿಂದ ತಂದ ಮೆಣಸಿನ ಬಳ್ಳಿಗಳನ್ನು ವಿತರಿಸಲಾಗಿವೆ’ ಎಂದು ಒಬ್ಬರು ಬರೆದಿದ್ದರು. ‘ಬಳ್ಳಿಗಳು’ ಬಹುವಚನ, ಹಾಗಾಗಿ ‘ಇವೆ’ ಎಂಬ ಲೆಕ್ಕಾಚಾರ. ಆದರೆ ‘ಬಳ್ಳಿಗಳನ್ನು’ ಎಂದು ದ್ವಿತೀಯೆ ಬಂದ ಮೇಲೆ ಅದು ಕರ್ತೃವಲ್ಲ. ಈ ವಾಕ್ಯದಲ್ಲಿ ಪ್ರಥಮಾ ವಿಭಕ್ತಿಯ ಪದವೇ ಇಲ್ಲ, ಕ್ರಿಯಾಪದ ಹೊಂದಿಕೊಳ್ಳಲು ಯಾರೂ ಇಲ್ಲ. ಆಗ ಅದು ‘-ಲಾಗಿದೆ’ ಎಂದೇ ನಿಲ್ಲುತ್ತದೆ. ಬಳ್ಳಿ ಒಂದಿರಲಿ, ಸಾವಿರ ಇರಲಿ, ‘ಬಳ್ಳಿಗಳನ್ನು ವಿತರಿಸಲಾಗಿದೆ’. ‘-ಅಲ್ಪಡು’ ರೂಪ ಬಳಸಿ ಬಳ್ಳಿಯನ್ನು ಪ್ರಥಮೆಗೆ ತಂದರೆ ಮಾತ್ರ ಬಹುವಚನ ಬರುತ್ತದೆ: ‘ಬಳ್ಳಿಗಳು ವಿತರಿಸಲ್ಪಟ್ಟಿವೆ’. ನನಗೆ ಆ ರೂಪ ಭಾರವೆನಿಸುತ್ತದೆ. ‘ಬಳ್ಳಿಗಳು ವಿತರಣೆಯಾಗಿವೆ’ ಎಂದರೆ ಹಗುರ, ಅಲ್ಲಿಯೂ ಬಹುವಚನವೇ ಸರಿ.

ಇದನ್ನು ಹುಡುಕುವುದು ಸುಲಭ. ಫೈಲಿನಲ್ಲಿ ‘ಲಾಗಿವೆ’, ‘ಲಾಗುತ್ತವೆ’, ‘ಲಾಗಿದ್ದವು’ ಎಂದು ಹುಡುಕಿ. ಸಿಕ್ಕ ಕಡೆ ಹೆಚ್ಚಾಗಿ ತಪ್ಪೇ ಇರುತ್ತದೆ. ‘ಬದಲಾಗಿವೆ’, ‘ನೀರುಪಾಲಾಗಿವೆ’ ಎಂಬವೂ ಬಲೆಗೆ ಬೀಳುತ್ತವೆ, ಅವನ್ನು ಬಿಟ್ಟುಬಿಡಿ. ‘ದರಗಳು ಬದಲಾಗಿವೆ’ ಎಂಬಲ್ಲಿ ‘ಬದಲು’ ಮತ್ತು ‘ಆಗಿವೆ’ ಸೇರಿವೆ, ವಾಕ್ಯ ಸರಿಯಾಗಿಯೇ ಇದೆ. ಒಂದು ಎಚ್ಚರಿಕೆ: ಪುಟ ಕಟ್ಟುವವರು ಫೈಲನ್ನು ಹಳೆಯ ನುಡಿ ಫಾಂಟಿಗೆ ಬದಲಿಸಿದ ಮೇಲೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ, ತಪ್ಪೇ ಇಲ್ಲವೆಂಬ ಭ್ರಮೆಯಾಗುತ್ತದೆ. ಫೈಲು ಮಡಿಕೇರಿಯ ಪ್ರೆಸ್ಸಿಗೆ ಹೋಗುವ ಮೊದಲೇ ಈ ಹುಡುಕಾಟ ಮುಗಿಸಬೇಕು.

ಎರಡನೆಯದು ಇದಕ್ಕಿಂತ ಗಂಭೀರ, ಹುಡುಕಲೂ ಕಷ್ಟ. ‘ಕಂಪನಿಯು, ಹೂಮಳೆ ತಡವಾಗಿ ನಷ್ಟ ಅನುಭವಿಸಿದ ಸೋಮವಾರಪೇಟೆ ಭಾಗದ ಸದಸ್ಯರಿಗೆ ಸುಣ್ಣ ಮತ್ತು ಗೊಬ್ಬರವನ್ನು ರಿಯಾಯಿತಿ ದರದಲ್ಲಿ ಒದಗಿಸಲಾಗಿದೆ.’ ಓದುವಾಗ ಎಡವುವುದಿಲ್ಲ. ಆದರೆ ‘ಕಂಪನಿಯು’ ಎಂದು ಶುರುವಾದ ಕರ್ತೃವಿಗೆ ಕೊನೆಯವರೆಗೂ ಕ್ರಿಯಾಪದ ಸಿಗಲೇ ಇಲ್ಲ. ‘-ಲಾಗಿದೆ’ ಮಾಡಿದವರನ್ನು ಬದಿಗಿಡುವ ರೂಪ. ತಲೆಯಲ್ಲಿ ಮಾಡಿದವರನ್ನು ನಿಲ್ಲಿಸಿ, ಬಾಲದಲ್ಲಿ ಅವರನ್ನು ಅಳಿಸಿದ ಹಾಗಾಯಿತು. ಇದನ್ನು ತಿದ್ದಲು ಎರಡು ದಾರಿ. ‘ಕಂಪನಿಯು ... ಒದಗಿಸಿದೆ’ ಎನ್ನಿ, ಇಲ್ಲವೇ ‘ಕಂಪನಿಯ ವತಿಯಿಂದ ... ಒದಗಿಸಲಾಗಿದೆ’ ಎನ್ನಿ. ನಾನು ಯಾವಾಗಲೂ ಮೊದಲನೆಯದನ್ನೇ ಆರಿಸುತ್ತೇನೆ. ಹುಡುಕಲು ‘ಲಾಗಿದೆ’ ಎಂದು ಟೈಪ್ ಮಾಡಿ, ಸಿಕ್ಕ ಪ್ರತಿ ವಾಕ್ಯದ ಮೊದಲ ಎರಡು ಮೂರು ಪದ ನೋಡಬೇಕು. ಅಲ್ಲಿ ‘ಕಂಪನಿಯು’, ‘ಮಂಡಳಿಯು’, ‘ನಿರ್ದೇಶಕರು’ ಎಂದಿದ್ದು, ಅದು ಒಳವಾಕ್ಯದ ಕರ್ತೃವಲ್ಲದಿದ್ದರೆ ತಪ್ಪು. ಅರವತ್ತು ಪುಟದ ವರದಿಗೆ ಸುಮಾರು ಒಂದು ಗಂಟೆ ಬೇಕಾಗುತ್ತದೆ.

ಇದರಲ್ಲಿ ಇಷ್ಟು ಹಟ ಹಿಡಿಯಲು ಕಾರಣವಿದೆ. ಕಂಪನಿ ಕಾಯ್ದೆ 2013ರ 134ನೇ ಸೆಕ್ಷನ್‌ನ 5ನೇ ಉಪಸೆಕ್ಷನ್ನಿನಲ್ಲಿ ನಿರ್ದೇಶಕರ ಹೊಣೆಗಾರಿಕೆ ಹೇಳಿಕೆ ಬರುತ್ತದೆ. ಒಂದೇ ತಲೆವಾಕ್ಯದ ಕೆಳಗೆ ಸಾಲಾಗಿ ಅಂಶಗಳು. ಲೆಕ್ಕಪತ್ರ ಮಾನದಂಡಗಳನ್ನು ಪಾಲಿಸಲಾಗಿದೆ ಎಂಬ ಮೊದಲನೆಯದರಲ್ಲಿ ಮಾಡಿದವರ ಹೆಸರಿಲ್ಲ, ಅಲ್ಲಿ ‘-ಲಾಗಿದೆ’ ಸರಿ. ಉಳಿದವುಗಳಲ್ಲಿ ಮಾಡಿದವರು ನಿರ್ದೇಶಕರು ಎಂದು ಸ್ಪಷ್ಟವಾಗಿದೆ: ಲೆಕ್ಕಪತ್ರ ನೀತಿಗಳನ್ನು ಆರಿಸಿದ್ದು ಅವರು, ಲೆಕ್ಕದ ದಾಖಲೆಗಳನ್ನು ಕಾಪಾಡಲು, ವಂಚನೆ ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದು ಅವರು, ಕಂಪನಿ ಮುಂದುವರಿಯುತ್ತದೆ ಎಂಬ ಆಧಾರದ ಮೇಲೆ ವಾರ್ಷಿಕ ಲೆಕ್ಕ ಸಿದ್ಧಪಡಿಸಿದ್ದು ಅವರು. ಕನ್ನಡಕ್ಕೆ ತರುವಾಗ ಮೊದಲನೆಯ ಅಂಶದ ‘-ಲಾಗಿದೆ’ ಕೆಳಗಿನ ಎಲ್ಲದಕ್ಕೂ ಹರಿದುಬಿಡುತ್ತದೆ. ‘ನಿರ್ದೇಶಕರು ... ಸಾಕಷ್ಟು ಎಚ್ಚರ ವಹಿಸಲಾಗಿದೆ’ ಎಂದು ಅಚ್ಚಾದರೆ ವ್ಯಾಕರಣ ಕೆಡುವುದರ ಜೊತೆಗೆ, ಹೊಣೆ ಹೊತ್ತವರು ಯಾರು ಎಂಬ ಮಾತೇ ಹೊಣೆಗಾರಿಕೆ ಹೇಳಿಕೆಯಿಂದ ಮಾಯವಾಗುತ್ತದೆ. ಪ್ರತಿ ಅಂಶವನ್ನೂ ತಲೆವಾಕ್ಯದ ಜೊತೆ ಬಿಡಿಯಾಗಿ ಸೇರಿಸಿ ಓದಿ: ‘ನಿರ್ದೇಶಕರು ಎಚ್ಚರ ವಹಿಸಿದ್ದಾರೆ’, ‘ನಿರ್ದೇಶಕರು ಲೆಕ್ಕ ಸಿದ್ಧಪಡಿಸಿದ್ದಾರೆ’. ಒಂದೊಂದೂ ಸ್ವಂತ ಕಾಲ ಮೇಲೆ ನಿಲ್ಲಬೇಕು.

ಇದೆಯೋ, ಇವೆಯೋ

ಏಕವಚನ ಬಹುವಚನದ ಗೊಂದಲಕ್ಕೆ ನನ್ನ ಬಳಿ ಇರುವುದು ಒಂದೇ ಪರೀಕ್ಷೆ. ಇಡೀ ಕರ್ತೃಭಾಗವನ್ನು ತೆಗೆದು ಆ ಜಾಗದಲ್ಲಿ ‘ಇದು’, ‘ಇವು’, ‘ಇವರು’ ಇವುಗಳಲ್ಲಿ ಒಂದನ್ನು ಇಡಬೇಕು.

‘ಕಳೆದ ಸಾಲಿನಲ್ಲಿ ರೊಬಸ್ಟಾ ಮತ್ತು ಅರೇಬಿಕಾ ಕಾಫಿಗಳ ಬೆಲೆಗಳ ಏರಿಳಿತವು ಸದಸ್ಯರ ಮಾರಾಟ ನಿರ್ಧಾರಗಳ ಮೇಲೆ ಪರಿಣಾಮ ಬೀರಿವೆ.’ ಏರಿಳಿತ ಎಂಬುದಕ್ಕಿಂತ ಮೊದಲು ‘ಕಾಫಿಗಳ’, ‘ಬೆಲೆಗಳ’, ಆಮೇಲೆ ‘ನಿರ್ಧಾರಗಳ’ ಎಂದು ಮೂರು ‘ಗಳ’ ಬಂದಿವೆ. ಕೈ ತಾನಾಗಿಯೇ ‘ಬೀರಿವೆ’ ಎಂದು ಬರೆದಿದೆ. ಆದರೆ ‘ಗಳ’ ಷಷ್ಠಿ ವಿಭಕ್ತಿ, ಅದು ಮುಂದಿನ ನಾಮಪದಕ್ಕೆ ಅಂಟಿಕೊಂಡದ್ದು, ಕ್ರಿಯಾಪದಕ್ಕೆ ಅಲ್ಲ. ಏರಿಳಿತ ಎಂದರೆ ‘ಇದು’. ಇದು ಪರಿಣಾಮ ಬೀರಿದೆ.

ಇದರ ತಿರುಗುಮುರುಗು: ‘ಹೂಮಳೆಯ ವಿಳಂಬ, ಬಿಳಿ ಕಾಂಡಕೊರಕದ ಹಾವಳಿ ಮತ್ತು ಕೊಯ್ಲಿನ ಸಮಯದ ಆಳುಗಳ ಕೊರತೆ ಇಳುವರಿ ಕುಸಿಯಲು ಕಾರಣವಾಗಿದೆ.’ ಕೊನೆಯಲ್ಲಿರುವ ‘ಕೊರತೆ’ ಏಕವಚನವಾದ್ದರಿಂದ ‘ಆಗಿದೆ’ ಕೇಳಲು ಸರಿ ಎನ್ನಿಸುತ್ತದೆ. ಪರೀಕ್ಷೆ ಮಾಡಿ: ವಿಳಂಬ, ಹಾವಳಿ, ಕೊರತೆ ಮೂರೂ ಸೇರಿ ‘ಇವು’. ಇವು ಕಾರಣವಾಗಿವೆ. ಅದೇ ಸಂಗತಿಯನ್ನು ‘ಹೂಮಳೆ ತಡವಾಗಿ, ಕಾಂಡಕೊರಕದ ಹಾವಳಿ ಹೆಚ್ಚಿ, ಆಳು ಸಿಗದೆ ಇಳುವರಿ ಕುಸಿದಿದೆ’ ಎಂದು ಬರೆದರೆ ಕರ್ತೃ ಇಳುವರಿ ಒಂದೇ, ‘ಕುಸಿದಿದೆ’ ಸರಿ. ನನ್ನನ್ನು ಕೇಳಿದರೆ ಈ ಎರಡನೆಯದೇ ಚೆನ್ನ, ತೋಟದಲ್ಲಿ ನಿಂತು ಮಾತಾಡಿದ ಹಾಗಿದೆ.

‘ಸೇರಿದಂತೆ’, ‘ಜೊತೆಗೆ’, ‘ಹೊರತುಪಡಿಸಿ’ ಎಂದು ಸೇರುವವು ಕರ್ತೃವಿನ ಲೆಕ್ಕಕ್ಕೆ ಬರುವುದಿಲ್ಲ. ‘ಕಂಪನಿಯ ಒಟ್ಟು ಆದಾಯವು, ಮೆಣಸು ಹಾಗೂ ಜೇನು ಮಾರಾಟದಿಂದ ಬಂದ ಮೊತ್ತಗಳು ಸೇರಿದಂತೆ, ಹೆಚ್ಚಿದೆ’ ಎಂಬಲ್ಲಿ ಹೆಚ್ಚಿದ್ದು ಆದಾಯ.

ಅಳತೆಯ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ರೂಢಿಯಿದೆ. ‘ಎಂಟು ಸಾವಿರ ಚೀಲ ಕಾಫಿ ಖರೀದಿಯಾಗಿದೆ’, ‘ಮೂರು ಲಕ್ಷ ರೂಪಾಯಿ ಖರ್ಚಾಗಿದೆ’. ಸಂಖ್ಯೆ ದೊಡ್ಡದಿದ್ದರೂ ‘ಗಳು’ ಇಲ್ಲ, ಇಡೀ ಮೊತ್ತವನ್ನು ಒಂದಾಗಿ ನೋಡುತ್ತೇವೆ, ಏಕವಚನವೇ ಸಹಜ. ಬಿಡಿ ಬಿಡಿಯಾಗಿ ಎಣಿಸುವ ವಸ್ತುವಿಗೆ ‘ಗಳು’ ಬಂದರೆ ಬಹುವಚನ: ‘ಮೂರು ಪಲ್ಪರ್ ಯಂತ್ರಗಳು ಬಂದಿವೆ’. ಹೊಸದಾಗಿ ತಿದ್ದಲು ಬರುವವರು ‘ಎಂಟು ಸಾವಿರ’ ಕಂಡ ಕೂಡಲೇ ‘ಆಗಿವೆ’ ಎಂದು ಬದಲಿಸುವುದನ್ನು ನೋಡಿದ್ದೇನೆ. ಅದನ್ನು ಮುಟ್ಟಬೇಡಿ.

ಚತುರ್ಥಿಯ ‘-ಗೆ’ ಇರುವ ಪದ ವಾಕ್ಯದ ಮೊದಲಿಗೇ ಬಂದರೂ ಅದು ಕರ್ತೃವಲ್ಲ. ‘ವಿರಾಜಪೇಟೆ ಭಾಗದ ಸದಸ್ಯರಿಗೆ ... ಬಾಕಿ ಹಣ ಸಂದಿದ್ದಾರೆ’ ಎಂಬಂಥದ್ದು ಅಪರೂಪಕ್ಕೆ ಬರುತ್ತದೆ. ಸಂದದ್ದು ಹಣ, ಆದ್ದರಿಂದ ‘ಸಂದಿದೆ’.

ನಿರ್ದೇಶಕರು ಮತ್ತು ನಾವು

ವರದಿಯ ಮೊದಲ ಸಾಲಿನಲ್ಲೇ ಬರುವ ಒಂದು ತಪ್ಪನ್ನು ಬಿಡುವ ಹಾಗಿಲ್ಲ. ‘ನಿಮ್ಮ ನಿರ್ದೇಶಕರು ಮಾರ್ಚ್ 31ಕ್ಕೆ ಕೊನೆಗೊಂಡ ಹಣಕಾಸು ವರ್ಷದ ಲೆಕ್ಕಪತ್ರಗಳೊಂದಿಗೆ ಈ ವರದಿಯನ್ನು ಮಂಡಿಸುತ್ತಿದ್ದೇವೆ.’ ‘ನಿರ್ದೇಶಕರು’ ಎಂದರೆ ಅವರು, ‘-ಇದ್ದೇವೆ’ ಎಂದರೆ ನಾವು. ಬರೆಯುವವರು ನಿರ್ದೇಶಕರೇ ಆಗಿರುವುದರಿಂದ ಮನಸ್ಸು ಜಾರುವುದು ಸಹಜ. ‘ನಿರ್ದೇಶಕರಾದ ನಾವು ... ಮಂಡಿಸುತ್ತಿದ್ದೇವೆ’ ಎಂದರೆ ಎರಡೂ ಕೂಡಿಬರುತ್ತವೆ. ಒಮ್ಮೆ ‘ನಾವು’ ಎಂದು ಆರಿಸಿದರೆ ಆ ಅಧ್ಯಾಯ ಮುಗಿಯುವವರೆಗೆ ಅದನ್ನೇ ಹಿಡಿಯಬೇಕು.

ತಿದ್ದದೆ ಒಡೆಯಬೇಕಾದದ್ದು

ಕೆಲವು ವಾಕ್ಯಗಳಲ್ಲಿ ಯಾವ ಬಾಲ ಹಾಕಿದರೂ ಕೂಡುವುದಿಲ್ಲ. ‘ಮಳೆಗಾಲದಲ್ಲಿ ಹನ್ನೆರಡು ಕಾರ್ಮಿಕರು ಮತ್ತು ಎರಡು ಜೀಪುಗಳು ಸಾಗಾಟಕ್ಕೆ ...’ ಎಂದ ಮೇಲೆ ‘ಇದ್ದರು’ ಎಂದರೆ ಜೀಪಿಗೆ ಸಲ್ಲದು, ‘ಇದ್ದವು’ ಎಂದರೆ ಜನರಿಗೆ ಅವಮಾನ. ‘ಸಾಗಾಟಕ್ಕೆ ಹನ್ನೆರಡು ಕಾರ್ಮಿಕರಿದ್ದರು, ಎರಡು ಜೀಪುಗಳಿದ್ದವು’ ಎಂದು ಒಡೆದುಬಿಡಿ. ಕಂಸ ಹಾಕುವಾಗ ಕಂಸದೊಳಗೆ ಇನ್ನೊಂದು ಕಂಸ, ಅದರೊಳಗೆ ಮತ್ತೊಂದು ಬಂದರೂ ಹಾಗೆಯೇ. ಬಾಲ ಸರಿಯಾಗಿದ್ದರೂ ಓದುವವರು ಅಲ್ಲಿಗೆ ತಲುಪುವುದಿಲ್ಲ.

ಹದಿನಾಲ್ಕನೇ ಪುಟದ ವಾಕ್ಯವನ್ನು ಈ ವರ್ಷ ಮಾದರಿಗೆಂದು ಹೀಗೆ ಒಡೆದು ವ್ಯವಸ್ಥಾಪಕರಿಗೆ ಕೊಟ್ಟೆ: “ದಾಸ್ತಾನು ಪುಸ್ತಕದಲ್ಲಿ ಕಂಡುಬಂದ ತೂಕದ ವ್ಯತ್ಯಾಸಗಳ ಬಗ್ಗೆ ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತಿದ್ದರು. ಗೋದಾಮಿನ ಮೇಲ್ವಿಚಾರಕರು ಅದಕ್ಕೆ ವಿವರಣೆ ನೀಡಿದ್ದಾರೆ. ಆಡಳಿತ ಮಂಡಳಿಯು ಎರಡನ್ನೂ ಪರಿಶೀಲಿಸಿ, ಚೆರಿ ಕಾಫಿಯಲ್ಲಿ ತೇವಾಂಶ ಕಡಿಮೆಯಾಗಿ ತೂಕ ಇಳಿದಿರುವುದೇ ಇದಕ್ಕೆ ಕಾರಣವೆಂದು ಒಪ್ಪಿಕೊಂಡಿದೆ.” ಮೂರು ಕರ್ತೃ, ಮೂರು ಕ್ರಿಯಾಪದ. ಅವರು ಓದಿ, “ಅಕ್ಕಾ, ಇದು ಉದ್ದ ಆಗಲಿಲ್ವಾ?” ಎಂದು ಕೇಳಿದರು. ಎಣಿಸಿ ನೋಡಿದೆವು, ಹೆಚ್ಚಾಗುವ ಬದಲು ಒಂದು ಪದ ಕಡಿಮೆಯೇ ಆಗಿತ್ತು.

ಕೊನೆಯ ದಿನದ ಅಪಾಯ

ಒಂದು ಬಗೆಯ ದೋಷ ಎಲ್ಲ ಪರೀಕ್ಷೆ ಮುಗಿದ ಮೇಲೆ ಒಳಗೆ ಬರುತ್ತದೆ. ಕನ್ನಡದಲ್ಲಿ ‘ಇಲ್ಲ’ ಎಂದು ಮುಗಿಯುವ ನಿಷೇಧ ರೂಪಕ್ಕೆ ಬಾಲವಿಲ್ಲ. ‘ಯಂತ್ರ ಅಳವಡಿಕೆಯಾಗಿಲ್ಲ’, ‘ಯಂತ್ರಗಳು ಅಳವಡಿಕೆಯಾಗಿಲ್ಲ’, ಎರಡರಲ್ಲೂ ‘ಇಲ್ಲ’ ಒಂದೇ. ‘ಬೇಕು’, ‘ಬಹುದು’ ಇರುವ ವಾಕ್ಯಗಳೂ ಹಾಗೇ. ಇಂಥ ವಾಕ್ಯಗಳನ್ನು ಹೊಂದಾಣಿಕೆಗೆಂದು ನೋಡುವ ಅಗತ್ಯವೇ ಇರುವುದಿಲ್ಲ, ಹಾಗಾಗಿ ತಿದ್ದುವವರು ಅವನ್ನು ದಾಟಿ ಹೋಗಿರುತ್ತಾರೆ.

ಈ ಸಲ ಜುಲೈ ಕರಡಿನಲ್ಲಿ ‘ಪೊನ್ನಂಪೇಟೆ ಘಟಕಕ್ಕೆ ಖರೀದಿಸಿದ, ಸಾಗಾಟದಲ್ಲಿ ಬಿಡಿಭಾಗ ಕಳೆದುಹೋಗಿದ್ದ ಮೂರು ಪಲ್ಪರ್ ಯಂತ್ರಗಳು ಇನ್ನೂ ಅಳವಡಿಕೆಯಾಗಿಲ್ಲ’ ಎಂದಿತ್ತು. ಪ್ರೆಸ್ಸಿಗೆ ಹೋಗುವ ಹಿಂದಿನ ಸಂಜೆ ಯಂತ್ರಗಳ ಕೆಲಸ ಮುಗಿಯಿತೆಂದು ಫೋನ್ ಬಂತು. ಕಚೇರಿಯ ಹುಡುಗ ‘ಇನ್ನೂ’ ಅಳಿಸಿ, ‘ಆಗಿಲ್ಲ’ ಎಂಬುದನ್ನು ‘ಆಗಿದೆ’ ಮಾಡಿ ಕಳುಹಿಸಿದ. ತಿದ್ದಿದ ಪದ ಒಂದೇ ಆದ್ದರಿಂದ ಅವನು ವಾಕ್ಯದ ತಲೆಯತ್ತ ನೋಡಿರಲಿಲ್ಲ. ಅಂತಿಮ ಪ್ರತಿಯಲ್ಲಿ ಬದಲಾದ ವಾಕ್ಯಗಳ ಬಾಲಗಳನ್ನಷ್ಟೇ ಮತ್ತೊಮ್ಮೆ ಸುತ್ತು ಹಾಕಿ ನೋಡುವ ರೂಢಿ ಇಟ್ಟುಕೊಂಡಿದ್ದೆ, ಅಲ್ಲಿ ಸಿಕ್ಕಿತು. ಕರೆಂಟು ಹೋಗಿತ್ತು, ಟಾರ್ಚಿನ ಬೆಳಕಲ್ಲಿ ‘ದೆ’ ಮೇಲೆ ಗೆರೆ ಎಳೆದು ಪಕ್ಕದಲ್ಲಿ ‘ವೆ’ ಬರೆದೆ.